ಬಾಗಿಲ ಬಳಿ ಉಳಿದ ಪ್ಲೇಟುಗಳು

ತೊಂಬತ್ತರ ದಶಕದ ಮೊದಲರ್ಧದಲ್ಲಿ ನಾನು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ಎರಡು ಬಗೆಯ ಮಾಲು ತಯಾರಾಗುತ್ತಿತ್ತು. ಒಂದು, ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಎಳೆದೊಯ್ಯುವ ದಪ್ಪ ಚೈನು. ಇನ್ನೊಂದು, ಕೆ.ಆರ್. ಪೇಟೆ, ನಾಗಮಂಗಲದ ಅಂಗಡಿಗಳಿಗೆ ಹೋಗುತ್ತಿದ್ದ ಟ್ರಾಕ್ಟರ್ ನೇಗಿಲು. ಎರಡಕ್ಕೂ ಒಂದೇ ಕಬ್ಬಿಣದ ಪ್ಲೇಟು.

ಚೈನಿನ ಮೇಲೆ ಎಕ್ಸೈಸ್ ಸುಂಕ ಇತ್ತು, ನೇಗಿಲಿನ ಮೇಲೆ ಇರಲಿಲ್ಲ. ಪ್ಲೇಟು ಕೊಳ್ಳುವಾಗ ಅದರ ಬಿಲ್ಲಿನಲ್ಲಿ ತೆತ್ತ ಸುಂಕವನ್ನು ನಾವು ಕ್ರೆಡಿಟ್ ಎಂದು ಬರೆದುಕೊಳ್ಳುತ್ತಿದ್ದೆವು. ಚೈನು ಹೊರಗೆ ಹೋಗುವಾಗ ಕಟ್ಟಬೇಕಾದ ಸುಂಕದಲ್ಲಿ ಆ ಕ್ರೆಡಿಟ್ಟನ್ನು ವಜಾ ಮಾಡಿಕೊಳ್ಳಬಹುದಿತ್ತು. ಪ್ಲೇಟು ನೇಗಿಲಿಗೆ ಹೋದರೆ ಮಾತ್ರ ಆ ಅನುಕೂಲ ಇಲ್ಲ. ಸುಂಕವಿಲ್ಲದ ಮಾಲಿಗೆ ಬಳಸಿದ ಕಬ್ಬಿಣದ ಕ್ರೆಡಿಟ್ಟನ್ನು, ನೇಗಿಲು ಗೇಟು ದಾಟುವ ಮೊದಲೇ ಲೆಕ್ಕದಿಂದ ಕಳೆಯಬೇಕು. ಆದ್ದರಿಂದ ಪ್ಲೇಟು ಕತ್ತರಿಸುವ ಯಂತ್ರಕ್ಕೆ ಹೋಗುವಾಗಲೇ ಯಾವುದಕ್ಕೆ ಎಂದು ಚೀಟಿ ಆಗಬೇಕಿತ್ತು.

'ಸರ್ಕಾರಕ್ಕೆ ಕಬ್ಣ ಎತ್ಲಗೆ ಓಯ್ತು ಅಂತ ಲೆಕ್ಕ ಬೇಕಂತೆ ಕಣ್ಲಾ. ನಮ್ಮನೆ ಎಮ್ಮೆ ಎತ್ಲಗೆ ಓಯ್ತು ಅಂತ ನಂಗೇ ಗೊತ್ತಿರಕಿಲ್ಲ' ಎಂದು ವೆಲ್ಡಿಂಗ್ ಮಾಡುವವನು ನಗುತ್ತಿದ್ದ.

'ನೀ ಮನೇಗೆ ಓದ್ರೆ ತಾನೇ ಎಮ್ಮೆ ಕಾಣದು' ಎಂದು ಕತ್ತರಿಸುವ ಯಂತ್ರದ ಹಿರಿಯರು ಅನ್ನುತ್ತಿದ್ದರು. ಅವರು ಅರಕೆರೆಯವರು. ಬೆಳಗಿನ ಬಸ್ಸಿಗೆ ಮಗನ ಜೊತೆ ಬರುತ್ತಿದ್ದರು. ಮಗ ಅದೇ ಶೆಡ್ಡಿನಲ್ಲಿ ಪ್ಲೇಟು ಇಳಿಸುವ ಕೆಲಸ ಮಾಡುತ್ತಿದ್ದ. ಮದುವೆ ಗೊತ್ತಾಗಿತ್ತು.

ಒಂದು ದಿನ ಮಧ್ಯಾಹ್ನ ಲಾರಿಯಿಂದ ಪ್ಲೇಟು ಇಳಿಸುತ್ತಿದ್ದರು. ಹೆಚ್ಚಿನವು ಇಳಿದು ಬಾಗಿಲ ಬಳಿ ಅಟ್ಟಿಯಾಗಿದ್ದವು. ನಾನು ಬಿಲ್ಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ರಾಟೆಯಲ್ಲಿ ಎತ್ತಿದ ಕಟ್ಟು ಗಾಳಿಯಲ್ಲಿ ನಿಧಾನವಾಗಿ ತಿರುಗಿತು. ಹಿರಿಯರ ಮಗ ಅದನ್ನು ನೇರ ಮಾಡಲು ಕೈ ಚಾಚಿದ. ತಂತಿ ಹಗ್ಗ ಕಿತ್ತುಹೋಗಿ ಕಟ್ಟು ಅಟ್ಟಿಯ ಬುಡದಲ್ಲಿ ಹುಡುಗನ ಮೇಲೆ ಬಿತ್ತು. ಸದ್ದು ನನಗೆ ಆಮೇಲೆ ಕೇಳಿಸಿತು ಎಂಬ ನೆನಪು. ಹಾಗಾಗಲು ಸಾಧ್ಯವಿಲ್ಲ, ಆದರೆ ನೆನಪಿರುವುದು ಹಾಗೆಯೇ. ತಂದೆ ಯಂತ್ರ ನಿಲ್ಲಿಸಿ ಬಂದರು. ಮೊದಲು ಯಂತ್ರ ನಿಲ್ಲಿಸಿದರು, ಆಮೇಲೆ ಬಂದರು. ಅದು ಕಣ್ಣ ಮುಂದಿದೆ.

ಪೊಲೀಸರು ಬಂದು ಹೋದರು. ಕಾರ್ಖಾನೆ ತಪಾಸಣೆಯವರು ಬಂದು ಹೋದರು. ಪ್ಲೇಟುಗಳು ಅಲ್ಲೇ ಉಳಿದವು. ಯಾರೂ ಅವುಗಳಿಗೆ ಕೈ ಹಚ್ಚಲಿಲ್ಲ. ಯಂತ್ರಕ್ಕೂ ಹಾಕಲಿಲ್ಲ, ಬೇರೆ ಮೂಲೆಗೂ ಸರಿಸಲಿಲ್ಲ. ಜೀವ ತೆಗೆದ ಕಬ್ಬಿಣ ಎಂದು ಬಾಯಿ ಬಿಟ್ಟು ಹೇಳಿದವರಿಲ್ಲ. ಹೊಸ ಲಾರಿ ಬಂದರೆ ಬೇರೆ ಅಟ್ಟಿ ಮಾಡುತ್ತಿದ್ದರು.

ಹಿರಿಯರು ಮಗನ ಕ್ರಿಯೆ ಮುಗಿಸಿ ಕೆಲಸಕ್ಕೆ ಬಂದರು. ಬಾಗಿಲಿಂದ ಯಂತ್ರಕ್ಕೆ ಹೋಗುವ ದಾರಿ ಆ ಅಟ್ಟಿಯ ಪಕ್ಕದಲ್ಲೇ ಇತ್ತು. ಅವರು ಹೊರಗಿನಿಂದ ಶೆಡ್ಡನ್ನು ಸುತ್ತಿ ಹಿಂದಿನ ಬಾಗಿಲಿನಿಂದ ಬರತೊಡಗಿದರು. ಆಮೇಲೆ ಕೆಲವು ದಿನ ಬರಲೇ ಇಲ್ಲ. ಬಂದಾಗ ಕಾರ್ಖಾನೆಯ ಯಜಮಾನರ ಕೋಣೆಯ ಬಾಗಿಲಲ್ಲಿ ನಿಂತರು.

'ಸಾರ್, ಅದ ತಗ್ಸಿ. ಇಲ್ಲಾಂದ್ರೆ ನನ್ ಕೈಲಿ ಬರಕಾಗಕಿಲ್ಲ. ಬುಟ್ಬುಡ್ತೀನಿ.'

ಯಜಮಾನರು ನನ್ನನ್ನು ಕರೆದರು. ಏನೇನು ದಾರಿ ಇದೆ ಹೇಳಿ ಎಂದರು. ನಾನು ಹೇಳಿದೆ. ಪ್ಲೇಟು ಹೀಗೇ ದಾಸ್ತಾನಿನಲ್ಲಿ ಬಿದ್ದಿದ್ದರೆ ಕ್ರೆಡಿಟ್ಟಿಗೆ ತೊಂದರೆಯಿಲ್ಲ. ಚೈನಿಗೆ ಹೋದರೂ ತೊಂದರೆಯಿಲ್ಲ. ನೇಗಿಲಿಗೆ ಹೋದರೆ ಅಷ್ಟೂ ಪ್ಲೇಟಿನ ಕ್ರೆಡಿಟ್ ಕಳೆಯಬೇಕು. ಕೆಲಸಕ್ಕೆ ಬಾರದ್ದು ಎಂದು ಪುಸ್ತಕದಿಂದ ಪೂರ್ತಿ ಹೊಡೆದು ಹಾಕಿದರೂ ಕಳೆಯಬೇಕು, ಏಕೆಂದರೆ ಚೈನಾಗುತ್ತದೆ ಎಂದೇ ಆ ಕ್ರೆಡಿಟ್ ಸಿಕ್ಕಿದ್ದು. ಇದ್ದ ಹಾಗೆ ಹೊರಗೆ ಮಾರುವುದಾದರೆ ಸುಂಕ ತೆತ್ತು ಕಳಿಸಬೇಕು. ಸುತ್ತಲಿನವರಿಗೆ ಸುದ್ದಿ ಗೊತ್ತಿದ್ದರಿಂದ ಕೊಳ್ಳುವವರೂ ಇರಲಿಲ್ಲ.

'ಕ್ರೆಡಿಟ್ ಕಳೆದರೆ ಮುಂದಿನ ಲೋಡು ಚೈನಿಗೆ ಸುಂಕ ಕೈಯಿಂದ ಕಟ್ಟಬೇಕಲ್ಲ' ಎಂದರು ಯಜಮಾನರು. ಕೆಟ್ಟವರಾಗಿರಲಿಲ್ಲ. 'ಚೈನಿಗೆ ಹಾಕಿಬಿಡೋಣ ಗೌಡ್ರೇ. ನೀವು ಬೇಡ, ಬೇರೆಯವರು ಕತ್ತರಿಸ್ತಾರೆ.'

ಹಿರಿಯರು ಒಂದು ಹೆಜ್ಜೆ ಒಳಗೆ ಬಂದರು. ಆಮೇಲೆ ಹೇಳಿದರು. 'ಚೈನು ಬ್ಯಾಡಿ ಸಾರ್. ಅದು ಫ್ಯಾಕ್ಟ್ರೀಲಿ ಅಗ್ಲೂ ರಾತ್ರಿ ತಿರುಗ್ತಾ ಇರ್ತದೆ. ಪಕ್ಕದಲ್ಲಿ ಯಾರಾದ್ರೂ ಮಕ್ಳು ನಿಂತಿರ್ತಾವೆ. ನೇಗ್ಲು ಮಾಡಿ. ಮಣ್ಣೊಳಕ್ಕೆ ಓಗ್ಲಿ. ನಾನೇ ಕುಯ್ತೀನಿ.'

ಯಜಮಾನರು ನನ್ನ ಮುಖ ನೋಡಿದರು. ನಾನು ಲೆಕ್ಕ ಬಿಟ್ಟು ಬೇರೇನೂ ಹೇಳಬಲ್ಲವನಾಗಿರಲಿಲ್ಲ. 'ಕಳೆಯೋಕೆ ಬೇಕಾದಷ್ಟು ಕ್ರೆಡಿಟ್ ಇದೆ ಸಾರ್' ಎಂದೆ.

'ಹಂಗಾದ್ರೆ ಕಳೀರಿ' ಎಂದರು.

ಮರುದಿನ ಹಿರಿಯರು ಮುಂದಿನ ಬಾಗಿಲಿಂದಲೇ ಬಂದು ಮೇಲಿನ ಪ್ಲೇಟಿನ ಅಂಚು ಹಿಡಿದರು. ವೆಲ್ಡಿಂಗ್‌ನವನು ಆ ಕಡೆ ಹಿಡಿದ. 'ಮೆಲ್ಲುಕೆ ಕಣಣ್ಣ' ಎಂದ. ಒಂದೊಂದು ಪ್ಲೇಟು ಯಂತ್ರಕ್ಕೆ ಹೋಗುವಾಗಲೂ ನಾನು ಚೀಟಿಯಲ್ಲಿ 'ನೇಗಿಲು' ಎಂದು ಬರೆದೆ. ಬಿಲ್ಲಿನಲ್ಲಿದ್ದ ಸುಂಕವನ್ನು ತೂಕಕ್ಕೆ ಹಂಚಿ, ಪ್ಲೇಟಿಗೆ ಎಷ್ಟು ಬರುತ್ತದೋ ಅಷ್ಟನ್ನು ಕ್ರೆಡಿಟ್ಟಿನಿಂದ ಕಳೆದೆ. ಅಂಕಿ ಬರೆಯುವುದು ಸುಲಭವಾಗಿತ್ತು. ಬೆರಳುಗಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಕೊನೆಗೆ ನೆಲಕ್ಕೆ ತಗುಲಿದ್ದ ಪ್ಲೇಟು ಒಂದೇ ಉಳಿಯಿತು. ತುಕ್ಕು ಹತ್ತಿತ್ತು. ಒಂದು ಮಗ್ಗುಲಲ್ಲಿ ತುಕ್ಕಿಗಿಂತ ಕಪ್ಪಾದ ಕಲೆ ಇತ್ತು. ಹಿರಿಯರು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

'ಇದ ಕುಯ್ಯಕಾಗಕಿಲ್ಲ ಸಾರ್.'

ಯಜಮಾನರು ಶೆಡ್ಡಿಗೆ ಬಂದಿದ್ದರು. 'ಬೇಡ' ಎಂದರು. ನನ್ನ ಕಡೆ ತಿರುಗಿ, 'ಇದನ್ನ ಹೊಡೆದು ಹಾಕಿ' ಎಂದರು. ದಾಸ್ತಾನಿನ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆಯಾಯಿತು. ಅದರ ಕ್ರೆಡಿಟ್ಟನ್ನೂ ಕಳೆದೆ. ಕಾರಣದ ಜಾಗದಲ್ಲಿ 'ಬಳಕೆಗೆ ಬಾರದ್ದು' ಎಂದು ಬರೆದೆ.

ಕಾಂಪೌಂಡಿನೊಳಗೆ, ಹೊಂಗೆ ಮರದ ಕೆಳಗೆ ಗುಂಡಿ ತೋಡಿದರು. ಪ್ಲೇಟು ಹೊತ್ತವರಲ್ಲಿ ಯಜಮಾನರೂ ಒಬ್ಬರು. ಅವರ ಬಿಳಿ ಅಂಗಿಗೆ ತುಕ್ಕು ಮೆತ್ತಿಕೊಂಡಿತು. ಮಣ್ಣು ಮುಚ್ಚುವಾಗ ಮೊದಲ ಹೆಂಟೆಗಳು ಕಬ್ಬಿಣದ ಮೇಲೆ ಬಿದ್ದು ಸದ್ದು ಮಾಡಿದವು. ಆಮೇಲೆ ಮಣ್ಣಿನ ಮೇಲೆ ಮಣ್ಣು ಬಿದ್ದಿತು, ಸದ್ದಿರಲಿಲ್ಲ.

ಕೆಲವು ವಾರಗಳ ನಂತರ ಎಕ್ಸೈಸ್ ಇನ್ಸ್‌ಪೆಕ್ಟರು ಬಂದು ಪುಸ್ತಕ ನೋಡಿದರು. ನೇಗಿಲಿನ ಚೀಟಿಗಳನ್ನೂ ಕಳೆದ ಕ್ರೆಡಿಟ್ಟನ್ನೂ ತಾಳೆ ಹಾಕಿದರು. ಕೊನೆಯ ನಮೂದಿನ ಮೇಲೆ ಬೆರಳಿಟ್ಟರು.

'ಇದೊಂದು ಮಾತ್ರ ಯಾಕೆ ರೈಟ್ ಆಫ್? ಮಾಲೆಲ್ಲಿದೆ?'

ಅವರನ್ನು ಮರದ ಬಳಿಗೆ ಕರೆದುಕೊಂಡು ಹೋದೆ. ಮಣ್ಣು ಇನ್ನೂ ಸ್ವಲ್ಪ ಉಬ್ಬಿತ್ತು. ಅಗೆಸಿ ತೋರಿಸಲೇ ಎಂದು ಕೇಳಿದೆ. ಅಷ್ಟರಲ್ಲಿ ಹಿರಿಯರು ಶೆಡ್ಡಿನಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ ದೂರದಲ್ಲೇ ನಿಂತರು. ಇನ್ಸ್‌ಪೆಕ್ಟರು ಅವರನ್ನು ನೋಡಿದರು, ನನ್ನನ್ನು ನೋಡಿದರು.

'ಕ್ರೆಡಿಟ್ ಕಳೆದಿದ್ದೀರಲ್ಲ. ಬೇಡ ಬಿಡಿ' ಎಂದರು. ಒಳಗೆ ಬಂದು ಸಹಿ ಮಾಡಿದರು.

ಹಿರಿಯರು ಇನ್ನೊಂದಷ್ಟು ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ಯಂತ್ರ ಶುರುವಾದ ಸದ್ದು ಕೇಳಿಸಿತು.