ವಿರುಪಮ್ಮನ ರೊಟ್ಟಿ ಮಷಿನ್ನು

ಮರಿಯಮ್ಮನಹಳ್ಳಿಯ ನಮ್ಮ ರೊಟ್ಟಿ ಸಂಘದ ಅಧ್ಯಕ್ಷೆ ವಿರುಪಮ್ಮ ಆಡಿದ ಮಾತು ಹಿಂದೆ ತೆಗೆದುಕೊಂಡವಳಲ್ಲ. ಹದಿನೈದು ವರ್ಷ ಕಂಡವರ ಹೋಟೆಲಿನಲ್ಲಿ ಹಿಟ್ಟು ನಾದಿ, ಕೊನೆಗೆ ನಮ್ಮನ್ನೆಲ್ಲ ಸೇರಿಸಿ ಸ್ವಂತ ಶೆಡ್ಡು ಹಾಕಿಸಿದವಳು. ಎರಡು ವರ್ಷದ ಹಿಂದೆ ಹಟ ಹಿಡಿದು ಎರಡು ಲಕ್ಷ ಎಂಬತ್ತು ಸಾವಿರದ ರೊಟ್ಟಿ ಮಷಿನ್ನು ತಂದವಳೂ ಅವಳೇ. ‘ಅಷ್ಟು ದೊಡ್ಡದು ಬ್ಯಾಡಕ್ಕ, ಗ್ಯಾಸ್ ಭಾಳ ತಿಂತೈತಿ’ ಎಂದ ಸಂಘದ ಲಕ್ಷ್ಮಿಯ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದಳು.

ಆ ಮಷಿನ್ನು ಸೋಮವಾರ ಬೆಳಿಗ್ಗೆ ಗರ್ರೆಂದು ನಿಂತೇಬಿಟ್ಟಿತು. ಹೈವೇ ಡಾಬಾದ ಕೊಟ್ರಯ್ಯ, ಬುಧವಾರ ರೊಟ್ಟಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ಅವನಿಗೆ ಬೇಕಾದಷ್ಟು ಕೈಯಲ್ಲಿ ಬಡಿದು ಮುಗಿಯುವುದಲ್ಲ. ಅವನು ಕೈಬಿಟ್ಟರೆ ನಮ್ಮ ಆರು ಜನರ ಕೆಲಸವೂ ಹೋದಂತೆಯೇ.

ಮೆಕ್ಯಾನಿಕ್ ಪಂಪೇಶ್ ಬಿಚ್ಚಿ ನೋಡಿದ.

‘ರಿಪೇರಿಗೆ ಎಪ್ಪತ್ತು ಸಾವಿರ, ಇನ್ನ ಮೂರು ವರ್ಷ ಓಡ್ತೈತಿ. ಹೊಸದು ಸಣ್ಣದು ಒಂದು ಲಕ್ಷ ತೊಂಬತ್ತು ಸಾವಿರ. ಇದನ್ನ ಅಂಗಡಿಯವ್ರು ನಲವತ್ತಕ್ಕ ತಗೊಂತಾರ. ಅದಕ್ಕೂ ಮೂರು ವರ್ಷ ಚಿಂತಿಲ್ಲ, ರೊಟ್ಟಿ ಇಷ್ಟೇ ಬರ್ತಾವು, ಗ್ಯಾಸ್ ತಿಂಗಳಿಗೆ ಮೂರು ಸಾವಿರ ಕಮ್ಮಿ. ಹನ್ನೆರಡರೊಳಗ ಫೋನ್ ಮಾಡ್ರಿ. ಯಾವುದಾದ್ರೂ ನಾಳೆ ಸಂಜಿಗೆ ಓಡಿಸಿ ಕೊಡ್ತೀನಿ.’

ಅವನು ಹೋದಮೇಲೆ ವಿರುಪಮ್ಮ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಒಂದು ಕಡೆ ರಿಪೇರಿ, ಎಪ್ಪತ್ತು ಸಾವಿರ. ಇನ್ನೊಂದು ಕಡೆ ಹೊಸದು, ನಲವತ್ತು ಕಳೆದು ಒಂದೂವರೆ ಲಕ್ಷ; ಅದರ ಕೆಳಗೆ ಹಳೆಯದಕ್ಕೆ ಕೊಟ್ಟಿದ್ದ ಎರಡು ಎಂಬತ್ತು.

‘ರೊಟ್ಟಿ ಮಷಿನ್ನಿಗೆ ನಾಕು ಲಕ್ಷ ಮೂವತ್ತು ಸಾವಿರ ಸುರೀಬೇಕೇನು? ರಿಪೇರಿನ ಮಾಡ್ಸೋಣ.’

ಮಷಿನ್ನು ಆಟೋ ಹತ್ತಿದರೆ ತನ್ನ ತಪ್ಪನ್ನು ಊರೆಲ್ಲ ನೋಡುತ್ತದೆ ಎಂಬ ಭಯ ಅವಳಿಗೆ. ಅವಳ ಹಟಕ್ಕೆ ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಬಾಯಿ ಬಿಡುವ ಧೈರ್ಯವಿರಲಿಲ್ಲ. ಹನ್ನೆರಡಕ್ಕೆ ಇಪ್ಪತ್ತು ನಿಮಿಷ.

ಲಕ್ಷ್ಮಿ ಎದ್ದಳು. ಹಳೇ ಸೇಡು ತೀರಿಸಿಕೊಳ್ಳುತ್ತಾಳೆ ಅಂದುಕೊಂಡೆ.

‘ಅಕ್ಕಾ, ಆ ಎರಡು ಎಂಬತ್ತು ಒಂದೇ ಕಡಿ ಯಾಕ ಬರದಿ? ರಿಪೇರಿ ಮಾಡಿಸಿದ್ರ ಅದು ತಿರುಗಿ ಬರ್ತೈತೇನು?’

‘ಇಲ್ಲ.’

‘ಹಂಗಾದ್ರ ಎರಡೂ ಕಡಿ ಬರಿ. ಇಲ್ಲಾಂದ್ರ ಅಳಸು.’

ಲಕ್ಷ್ಮಿ ತಾನೇ ಅಳಿಸಿದಳು. ರಿಪೇರಿಯ ಕೆಳಗೆ ಮೂರು ವರ್ಷದ ಹೆಚ್ಚುವರಿ ಗ್ಯಾಸು, ಒಂದು ಲಕ್ಷ ಎಂಟು ಸಾವಿರ, ಬರೆದು ಕೂಡಿದಳು. ಒಂದು ಎಪ್ಪತ್ತೆಂಟು ಆಯಿತು.

‘ಹೊಸದು ತಗೊಂಡ್ರ ಇಪ್ಪತ್ತೆಂಟು ಸಾವಿರ ಉಳೀತೈತಿ. ಮೂರು ವರ್ಷದ ಮ್ಯಾಲ ಮಾರಿದ್ರೂ ಅದಕ್ಕ ರೊಕ್ಕ ಜಾಸ್ತಿ.’

ವಿರುಪಮ್ಮ ಗೋಡೆಯನ್ನೇ ನೋಡುತ್ತ ನಿಂತಳು.

‘ಮತ್ತ ನನ್ನ ತಪ್ಪು?’

‘ಅದೂ ಎರಡೂ ಕಡಿ ಐತಕ್ಕ. ಇದನ್ನ ಇಟಗೊಂಡ್ರೂ ಹೋಗಂಗಿಲ್ಲ, ಕೊಟ್ರೂ ಹೋಗಂಗಿಲ್ಲ.’

ಲಕ್ಷ್ಮಿಯ ದನಿಯಲ್ಲಿ ಚುಚ್ಚುವ ಹಾಗೇನೂ ಇರಲಿಲ್ಲ.

ವಿರುಪಮ್ಮ ಪಂಪೇಶನಿಗೆ ಫೋನ್ ಹಚ್ಚಿದಳು.

‘ಹೊಸದ ತರ್ರಿ. ಅವತ್ತು ನಾನು ಆರಿಸಿದ್ದು ತಪ್ಪಾಗಿತ್ತು’ ಎಂದಳು, ನಮಗೆಲ್ಲ ಕೇಳುವ ಹಾಗೆ. ಪಂಪೇಶ್ ಅದನ್ನೇನೂ ವಿಚಾರಿಸಿರಲಿಲ್ಲ.