ಹರಿಹರ ಸ್ಟೇಷನ್ನಿನಲ್ಲಿ ಬರೆದ ‘ಹಬೀಬಿ’

ಹರಿಹರ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕೂತವರು ನಂದಿಗುಡಿಯ ಸರೋಜಮ್ಮ. ಮಸ್ಕತ್ತಿನ ಒಂದು ಮನೆಯಲ್ಲಿ ಬಹಳ ವರ್ಷ ಮಗು ನೋಡಿಕೊಂಡು ಬಂದವರು. ಆ ಮಗು ಈಗ ದೊಡ್ಡ ಹುಡುಗ. ಬೆಳಿಗ್ಗೆ ತನ್ನ ತಾಯಿ ತೀರಿಹೋದಳೆಂದು ಅವನ ಮೆಸೇಜು ಬಂದಿದೆ. ಫೋನ್ ಮಾಡಿದರೆ ಅಳು ಬರುತ್ತದೆ, ಅರಬ್ಬಿಯಲ್ಲೇ ಬರೆದು ಕಳಿಸುತ್ತೇನೆ ಅಂದರು.

ಫೋನಿನಲ್ಲಿ ತೋರಿಸಿದರು: ಆ ತಾಯಿ ಇವರಿಗೆ ಬರೆದ ಹಳೆಯ ಮೆಸೇಜುಗಳೆಲ್ಲ ‘ಹಬೀಬ್ತಿ’ ಎಂದೇ ಶುರುವಾಗಿದ್ದವು.

“ನನ್ನ ಪ್ರೀತಿಯ ಜೀವ ಅಂತ ತಾನೆ? ಅದನ್ನೇ ಹಾಕ್ರಿ” ಅಂದೆ.

“ಬ್ಯಾಡ್ರಿ, ಅದು ಹೆಣ್ಣಿಗೆ. ನಂಗೆ ಅಂತ ಬರ್ದಿದ್ದು. ಇವ್ನಿಗೆ ಹಬೀಬಿ ಅನ್ಬೇಕು. ಹೇಳೋರು ಯಾರಾದ್ರೂ ಆಗ್ಲಿ, ಕೇಳೋರು ಗಂಡೋ ಹೆಣ್ಣೋ ನೋಡ್ಬೇಕು. ನಾವು ಬಾರೋ, ಬಾರೇ ಅನ್ನಲ್ವಾ, ಹಂಗೆ.”

“ಈಗ ಅವ್ನು ಅದನ್ನೆಲ್ಲಾ ನೋಡ್ತಾನೇನ್ರಿ?”

“ಅವ್ರಮ್ಮ ಅವ್ನನ್ನ ಹಬೀಬಿ ಅಂತಿದ್ಲು. ಇವತ್ತಿಂದ ಅನ್ನೋರ್ಯಾರು?”

‘ಹಬೀಬಿ, ಅನಾ ಮಆಕ್’, ನಿನ್ನ ಜೊತೆ ನಾನಿದ್ದೇನೆ ಎಂದು ಬರೆದು ಕಳಿಸಿದರು. ‘ಮಆಕ್’ ಕೂಡ ಗಂಡಿಗೆ ಹೇಳುವ ರೂಪವಂತೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಒಂದೇ ಪದ, ‘ಹಬೀಬ್ತಿ’.

“ಇಷ್ಟು ವರ್ಷ ಸರೋಜಾ ಅಂತಿದ್ದ” ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ನಾವು ಕಾಯುತ್ತಿದ್ದ ದಾವಣಗೆರೆಯ ರೈಲು ಬಂದು ನಿಂತಾಗ ಇಬ್ಬರೂ ಏಳಲಿಲ್ಲ.