ಯಂತ್ರದ ನಿನ್ನೆ

ಅಪ್ಪನ ತಿಥಿಯ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಚಾಟ್‌ನಲ್ಲಿ ತಿಳಿಸಬೇಕೆಂದು ಮಸ್ಕತ್‌ನಲ್ಲಿದ್ದ ತಮ್ಮನಿಗೆ ಹೇಳಿದ್ದೆ. ಹತ್ತು ಗಂಟೆಗೆ ಹುಣಸೂರಿನ ಇಂಟರ್‌ನೆಟ್ ಸೆಂಟರಿಗೆ ಹೋದೆ. ಅವನ ಸಂದೇಶವಿತ್ತು: "ಈಗ ತಾನೇ ದೀಪ ಹಚ್ಚಿದೆ ಕಣಣ್ಣ." ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ನಿನ್ನೆ, ರಾತ್ರಿ ಎಂಟೂವರೆ' ಎಂದಿತ್ತು. ಅವನು ಚಾಟ್‌ಗೆ ಕೊನೆಯ ಸಲ ಬಂದದ್ದೂ ನಿನ್ನೆಯೇ ಎಂದು ತೋರಿಸುತ್ತಿತ್ತು. ಕೆಲಸ ಮುಗಿಸಿಕೊಳ್ಳಲು ಮುಂಚೆಯೇ ಬರೆದಿಟ್ಟಿದ್ದಾನೆ ಎಂದುಕೊಂಡೆ.

"ಅಪ್ಪನಿಗೂ ಸುಳ್ಳು ಹೇಳ್ತೀಯೇನೋ?" ಎಂದು ಬರೆದು ಎದ್ದೆ. ಅವನು ಎಷ್ಟು ಆಣೆಯಿಟ್ಟರೂ ನಂಬಲಿಲ್ಲ.

ನಾಲ್ಕು ತಿಂಗಳ ಮೇಲೆ ಇನ್ನೊಂದು ಸಂದೇಶದ ಪಕ್ಕದಲ್ಲೂ ತಪ್ಪು ವೇಳೆ ಕಂಡು ಕೇಳಿದಾಗ ಸೆಂಟರಿನವನು ನಕ್ಕ. "ಮೇಷ್ಟ್ರೇ, ಈ ಕಂಪ್ಯೂಟರಲ್ಲಿ ಟೈಮ್ ಝೋನ್ ಅಮೇರಿಕದ್ದೇ ಉಳ್ಕೊಂಡದೆ ಕಣ್ರೀ. ಗಡಿಯಾರ ಮಾತ್ರ ಕೈಯಲ್ಲಿ ತಿರುಗಿಸಿ ನಮ್ಮ ಟೈಮಿಗೆ ತಂದಿದ್ದೆ." ಗಡಿಯಾರ ಇಲ್ಲಿನ ದಿನ, ವೇಳೆಯನ್ನೇ ತೋರಿಸುತ್ತಿತ್ತು. ಬಂದ ಸಂದೇಶದ ವೇಳೆಯನ್ನು ಮಾತ್ರ ಯಂತ್ರ ಅಮೇರಿಕದ ಲೆಕ್ಕಕ್ಕೆ ಇಳಿಸುತ್ತಿತ್ತು. ನಮ್ಮ ಬೆಳಗಿನ ಒಂಬತ್ತು ಗಂಟೆ ಅಲ್ಲಿನ ಪಶ್ಚಿಮ ಕರಾವಳಿಯಲ್ಲಿ ಹಿಂದಿನ ರಾತ್ರಿ ಎಂಟೂವರೆ.

ಅಂದೇ ತಮ್ಮನಿಗೆ ಎಲ್ಲ ವಿವರಿಸಿ ತಪ್ಪಾಯಿತೆಂದು ಬರೆದೆ.

"ಓಗ್ಲಿ ಬುಡಣ್ಣ. ಗಡಿಯಾರ ಅಂಗೇ ಹೇಳ್ತು, ಸರಿ. ನಾನು ಹೇಳಿದ್ದು ಯಾಕೆ ಲೆಕ್ಕಕ್ಕೆ ಬರ್ಲಿಲ್ಲ?"

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಸೆಂಟರಿನವನಿಗೆ ದುಡ್ಡು ಕೊಟ್ಟು ಎದ್ದುಬಂದೆ. ಮರುವರ್ಷ ದೀಪ ಹಚ್ಚಿದನೋ ಇಲ್ಲವೋ, ಅವನು ತಿಳಿಸಲಿಲ್ಲ. ಕೇಳುವ ಮುಖ ನನಗಿರಲಿಲ್ಲ.